ಮಾರ್ಚ್ 27ರಂದು ಕಂಡದ್ದು ಮುಟ್ಟಾಗಿರಲಿಲ್ಲ

ಈಕೆಗೆ 27 ವರ್ಷ, ಮನೆಯಲ್ಲೇ ಬಟ್ಟೆ ಹೊಲಿಯುತ್ತಾರೆ. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ಮಗುವಿಗಾಗಿ ಮೂರು ವರ್ಷದಿಂದ ಕಾಯುತ್ತಿದ್ದರು. ಮಾರ್ಚ್ 30ರಂದು ನನ್ನ ಬಳಿ ಬಂದು ಕೂತಾಗ ಅತ್ತು ಅತ್ತು ಕಣ್ಣು ಊದಿತ್ತು.

"ಈ ಸಲವೂ ಇಲ್ಲ ಮೇಡಂ. ಐದು ದಿನ ಮೊದಲೇ ಮುಟ್ಟಾದೆ."

ಎಷ್ಟು ಹೋಯಿತು, ಯಾವ ಬಣ್ಣ ಎಂದು ಕೇಳಿದೆ. 27ರ ಬೆಳಿಗ್ಗೆ ಕಂದು ಕಲೆ, ಸಂಜೆಗೆ ಸ್ವಲ್ಪ ಗುಲಾಬಿ, ಮರುದಿನ ನಿಂತಿತ್ತು. ಒಂದು ಪ್ಯಾಡೂ ತುಂಬಿರಲಿಲ್ಲ. ಆಕೆಗೆ ಸಾಮಾನ್ಯವಾಗಿ ನಾಲ್ಕು ದಿನ ಕೆಂಪಗೆ ಹೋಗುತ್ತದೆ. ಎದೆ ಭಾರ, ಕಿಬ್ಬೊಟ್ಟೆ ನೋವು, ಸುಸ್ತು ಮಾತ್ರ ಪ್ರತಿ ತಿಂಗಳಿನಂತೆಯೇ ಇತ್ತು. 28ರಂದು ಕಿಟ್‌ನಲ್ಲಿ ನೋಡಿದಾಗ ಒಂದೇ ಗೆರೆ. ಮುಟ್ಟು ಸರಿಯಾಗಿ ಬರಲಿ ಅಂತ ಮೆಡಿಕಲ್‌ನಿಂದ ತಂದ ಮಾತ್ರೆ ಬ್ಯಾಗಿನಲ್ಲೇ ಇತ್ತು.

ಹಿಂದಿನ ಮುಟ್ಟು ಮಾರ್ಚ್ 3ಕ್ಕೆ. 29 ದಿನದ ಲೆಕ್ಕಕ್ಕೆ ಮುಂದಿನದು ಏಪ್ರಿಲ್ 1ಕ್ಕೆ. ಅಂದರೆ ಅಂಡ ಬಿಡುಗಡೆಯಾದದ್ದು ಸುಮಾರು 17ಕ್ಕೆ. ಭ್ರೂಣ ಗರ್ಭಕೋಶದ ಗೋಡೆಗೆ ಅಂಟುವುದು ಅಲ್ಲಿಂದ 6ರಿಂದ 12 ದಿನದೊಳಗೆ. ಕೆಲವರಿಗೆ ಆ ಹೊತ್ತಿನಲ್ಲಿ ಒಂದೆರಡು ದಿನ ಹೀಗೆ ಕಲೆ ಕಾಣುತ್ತದೆ. ತುಂಬಾ ಜನಕ್ಕೆ ಏನೂ ಕಾಣುವುದಿಲ್ಲ. ಬೇರೆ ಕಾರಣಕ್ಕೂ ಕಲೆ ಆಗಬಹುದು, ಹಾಗಾಗಿ ಕಲೆ ನೋಡಿ ಬಸಿರು ಅಂತ ಹೇಳಲಾಗುವುದಿಲ್ಲ. ಎದೆ ನೋವು, ಸುಸ್ತಿಗೆ ಮುಖ್ಯ ಕಾರಣ ಪ್ರೊಜೆಸ್ಟರಾನ್ ಹಾರ್ಮೋನ್. ಅಂಡ ಬಿಡುಗಡೆಯಾದ ಮೇಲೆ ಬಸಿರಾದರೂ ಆಗದಿದ್ದರೂ ಅದು ಏರುತ್ತದೆ. ಮೈಯ ಲಕ್ಷಣ ಎರಡನ್ನೂ ಬೇರೆ ಮಾಡಿ ತೋರಿಸುವುದಿಲ್ಲ.

ಕಿಟ್ ಗುರುತಿಸುವ ಎಚ್‌ಸಿಜಿ ಹಾರ್ಮೋನ್ ರಕ್ತಕ್ಕೆ ಬರುವುದೇ ಭ್ರೂಣ ಅಂಟಿದ ಮೇಲೆ. ಆಮೇಲೆ ಎರಡು ಮೂರು ದಿನಕ್ಕೊಮ್ಮೆ ಸುಮಾರು ದುಪ್ಪಟ್ಟಾಗುತ್ತಾ ಹೋಗುತ್ತದೆ. 28ಕ್ಕೆ ನೋಡಿದ್ದು ತೀರಾ ಬೇಗ.

ನಾನು ಹೇಳಿದ್ದು ಇಷ್ಟು. ಆ ಮಾತ್ರೆ ಈಗ ಬೇಡ. ಏಪ್ರಿಲ್ 1 ದಾಟಿದರೂ ಮುಟ್ಟು ಬರದಿದ್ದರೆ 4ಕ್ಕೆ, ಬೆಳಗಿನ ಮೊದಲ ಮೂತ್ರದಲ್ಲಿ ನೋಡಿ. ಪ್ಯಾಕೆಟ್ ಮೇಲೆ ಹೇಳಿದ ನಿಮಿಷದೊಳಗೆ ಓದಿ, ಒಣಗಿದ ಮೇಲೆ ಮೂಡುವ ಗೆರೆ ಲೆಕ್ಕಕ್ಕಿಲ್ಲ. ಮಧ್ಯೆ ಒಂದೇ ಪಕ್ಕ ಜೋರು ನೋವು, ಭುಜದ ತುದಿಯಲ್ಲಿ ನೋವು, ತಲೆಸುತ್ತು ಅಥವಾ ಪ್ಯಾಡ್ ತುಂಬುವಷ್ಟು ರಕ್ತ ಕಂಡರೆ ರಾತ್ರಿಯಾದರೂ ಆಸ್ಪತ್ರೆಗೆ ಹೋಗಿ. ಗರ್ಭಕೋಶದ ಬದಲು ಅಂಡನಾಳದಲ್ಲಿ ಗರ್ಭ ಕಟ್ಟಿದ್ದರೆ ಕಾಯುವ ಹಾಗಿಲ್ಲ.

4ಕ್ಕೆ ಮಸುಕಾದ ಎರಡನೇ ಗೆರೆ ಬಂತು, 7ಕ್ಕೆ ಗಾಢವಾಯಿತು.

ತಾಯಿ ಕಾರ್ಡ್ ಮಾಡಿಸುವಾಗ ಕೊನೆಯ ಮುಟ್ಟು 27 ಅಂತ ಬರೆಸಲು ಹೊರಟಿದ್ದರು. ನನಗೆ ಆತಂಕ ಇದ್ದದ್ದೇ ಇಲ್ಲಿ. ಹಾಗೆ ಬರೆಸಿದ್ದರೆ ಹೆರಿಗೆ ದಿನ ಜನವರಿ 3 ಅಂತ ಬರುತ್ತಿತ್ತು, 24 ದಿನ ತಡವಾಗಿ. ಮಗು ಇರಬೇಕಾದ್ದಕ್ಕಿಂತ ದೊಡ್ಡದಿದೆ ಅಂತಲೋ, ಅವಧಿ ಮೀರಿದರೂ ಇನ್ನೂ ಟೈಮಿದೆ ಅಂತಲೋ ಸುಮ್ನೆ ಗೊಂದಲ ಆಗುತ್ತಿತ್ತು. ಮಾರ್ಚ್ 3 ಬರೆಸಿ, 27ರ ಕಲೆಯನ್ನು ಬೇರೆಯಾಗಿ ಡಾಕ್ಟರಿಗೆ ಹೇಳಿ ಅಂದೆ. ಏಳನೇ ವಾರದ ಸ್ಕ್ಯಾನ್ ಆ ಲೆಕ್ಕಕ್ಕೇ ಕೂತಿತು. ಗರ್ಭ ಗರ್ಭಕೋಶದೊಳಗೇ ಇತ್ತು. ಹೆರಿಗೆ ದಿನ ಡಿಸೆಂಬರ್ 10.