ಎನ್‌ಪಿಎಸ್‌ನಲ್ಲಿ ನಿವೃತ್ತಿಯಾದಾಗ ಕೈಗೆ ಏನು ಬರುತ್ತದೆ?

ಪ್ರಶ್ನೆ: ಅಮ್ಮ ಉಡುಪಿಯಲ್ಲಿ ಸರ್ಕಾರಿ ಟೀಚರ್, 2007ರಲ್ಲಿ ಸೇರಿದ್ದು. ಹಳಬರಿಗೆ ಬರುವಂಥ ಪಿಂಚಣಿ ಅವರಿಗೂ ಬರುತ್ತಾ?

ಸಾಮಾನ್ಯವಾಗಿ ಇಲ್ಲ. ಅವರ ಪಿಂಚಣಿ ಕೊನೆಯ ಸಂಬಳದ ಮೇಲೆ ಅಲ್ಲ, ಖಾತೆಯಲ್ಲಿ ಕೂಡಿದ ದುಡ್ಡಿನ ಮೇಲೆ ನಿಲ್ಲುತ್ತದೆ. 2006ರ ಏಪ್ರಿಲ್ 1ರಿಂದ ಈಚೆಗೆ ಸೇರಿದ ರಾಜ್ಯ ನೌಕರರಿಗೆ ಸಾಮಾನ್ಯವಾಗಿ ಎನ್‌ಪಿಎಸ್, ಅಂದರೆ ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ. ಮೂಲವೇತನ ಮತ್ತು ತುಟ್ಟಿಭತ್ಯೆಯ 10% ಅಮ್ಮನ ಸಂಬಳದಿಂದ ಕಡಿತವಾಗುತ್ತದೆ, ಸರ್ಕಾರ 14% ಹಾಕುತ್ತದೆ. ಅದು ಮಾರುಕಟ್ಟೆಯಲ್ಲಿ ಬೆಳೆಯುತ್ತದೆ. ಎಷ್ಟು ಅಂತ ಮೊದಲೇ ಯಾರೂ ಹೇಳಲಾರರು.

60 ವರ್ಷಕ್ಕೆ ಖಾತೆಯಲ್ಲಿ 40 ಲಕ್ಷ ಇದೆ ಅಂತಿಟ್ಟುಕೊಳ್ಳಿ. 60%, ಅಂದರೆ 24 ಲಕ್ಷದವರೆಗೆ ಒಟ್ಟಿಗೆ ತೆಗೆಯಬಹುದು, ಅದಕ್ಕೆ ತೆರಿಗೆ ಇಲ್ಲ. ಉಳಿದ 16 ಲಕ್ಷದಲ್ಲಿ ವಿಮಾ ಕಂಪನಿಯಿಂದ ಆನ್ಯುಟಿ, ಅಂದರೆ ತಿಂಗಳ ಪಿಂಚಣಿ, ಕೊಳ್ಳಲೇಬೇಕು. ವರ್ಷಕ್ಕೆ 6.5% ದರ ಸಿಕ್ಕರೆ ತಿಂಗಳಿಗೆ ಸುಮಾರು 8,700 ರೂಪಾಯಿ.

ಕೊನೆಯ ಮೂಲವೇತನ 60,000 ಇದ್ದು, ಪೂರ್ತಿ ಸೇವೆ ಆಗಿದ್ದರೆ ಹಳೆಯ ಪದ್ಧತಿಯಲ್ಲಿ ಅರ್ಧ, 30,000 ಸಿಗುತ್ತಿತ್ತು. ಅದರ ಮೇಲೆ ತುಟ್ಟಿಭತ್ಯೆ ಬೇರೆ, ಬೆಲೆ ಏರಿದಂತೆ ಅದೂ ಏರುತ್ತಿತ್ತು. ಸಾಮಾನ್ಯ ಆನ್ಯುಟಿಯ 8,700 ಮಾತ್ರ ಹತ್ತು ವರ್ಷದ ಮೇಲೂ 8,700 ಆಗಿಯೇ ಇರುತ್ತದೆ. ನಿಜವಾದ ಹೊಡೆತ ಇಲ್ಲೇ ಅಲ್ವಾ? ಹಾಗಾಗಿ ಆ 24 ಲಕ್ಷವನ್ನು ಸುಮ್ನೆ ಮನೆ ರಿಪೇರಿಗೆ ಮುಗಿಸಬೇಡಿ.