ಎದುರಂಗಡಿ ಮಾಸ್ಟರ್ ಮಾತು ಬಿಟ್ಟಿದ್ದಾರೆ

*ದಾವಣಗೆರೆಯ ಚೌಕಿಪೇಟೆ ಹತ್ತಿರದ ಗಲ್ಲಿಯಲ್ಲಿ ನನ್ನದು ಜೆಂಟ್ಸ್ ಟೈಲರ್ ಅಂಗಡಿ. ಎದುರಿಗೇ ಇನ್ನೊಬ್ಬ ಮಾಸ್ಟರ್ ಇದ್ದಾರೆ, ನನಗಿಂತ ದೊಡ್ಡವರು. ನಡುವೆ ಒಂದು ಸ್ಕೂಟರ್ ಹೋಗುವಷ್ಟೇ ಜಾಗ. ಹಗಲೆಲ್ಲ ಒಬ್ಬರನ್ನೊಬ್ಬರು ರೇಗಿಸುವುದೇ ಕೆಲಸ. ‘ಏನೋ, ಆ ಪ್ಯಾಂಟಿನೊಳಗೆ ಇಬ್ಬರನ್ನು ಇಳಿಸ್ತೀಯಾ?’ ಅಂತ ಅವರು. ‘ನಿಮ್ಮ ಕಾಲರ್ ಹಾಕ್ಕೊಂಡೋರು ಕತ್ತು ತಿರುಗಿಸೋದೇ ಮರೆತಿದ್ದಾರೆ ಮಾಸ್ಟರ್’ ಅಂತ ನಾನು. ಸೂಜಿ, ಬಾಬಿನ್, ಚಿಲ್ಲರೆ ಎಲ್ಲ ಆಚೀಚೆ ಓಡಾಡುತ್ತಿತ್ತು. ಈ ಸಲ ಮದುವೆ ಸೀಸನ್ನಿನಲ್ಲಿ ಅವರು ಬಿದ್ದು ಬಲ ಮಣಿಕಟ್ಟು ಮುರಿಯಿತು. ಅವರ ಅಳತೆ ಪುಸ್ತಕ ಇಟ್ಟುಕೊಂಡು, ರಾತ್ರಿ ಕೂತು ಎಂಟು ಶರ್ಟು, ಆರು ಪ್ಯಾಂಟು ಹೊಲಿದು ಕೊಟ್ಟೆ. ನಾಲ್ಕು ಶರ್ಟು ಅವರೇ ಕಟಿಂಗ್ ಮಾಡಿಟ್ಟಿದ್ದರು. ದುಡ್ಡು ಕೊಡಲು ಬಂದರು, ಬೇಡ ಅಂದೆ. ಈಗ ಅಂಗಡಿ ತೆರೆದಿದ್ದಾರೆ, ಆದರೆ ಮಾತೇ ಇಲ್ಲ. ರೇಗಿಸಿದರೆ ಸುಮ್ನೆ ನಕ್ಕು ತಲೆ ತಗ್ಗಿಸುತ್ತಾರೆ. ಅವರ ಕೆಲವು ಗಿರಾಕಿಗಳು ನನ್ನ ಹತ್ತಿರ ಬರುತ್ತಿದ್ದಾರೆ. ಪುಸ್ತಕ ಇನ್ನೂ ನನ್ನಲ್ಲೇ ಇದೆ. ಅವರು ಲೂಸ್ ಸೇರಿಸಿ ಬರೆಯುವವರು, ನಾನು ಮೈ ಅಳತೆ ಬರೆಯುವವನು. ಅದರಲ್ಲಿ ಕೆಲವು ಹೊಸ ಅಳತೆ ನಾನೇ ಬರೆದಿದ್ದೇನೆ. ನಾನೇನು ತಪ್ಪು ಮಾಡಿದೆ? ನನಗೆ ಕೋಟು ಅಷ್ಟಾಗಿ ಬರಲ್ಲ, ಕೇಳಬೇಕೆಂದರೆ ಇದ್ದ ಒಬ್ಬರೂ ದೂರವಾದರು ಅನಿಸುತ್ತಿದೆ.*

*— ಒಬ್ಬ ಟೈಲರ್, ದಾವಣಗೆರೆ*

ಅಣ್ಣಾ, ನೀವು ಮಾಡಿದ್ದು ದೊಡ್ಡ ಕೆಲಸ. ಮದುವೆ ಮನೆಯ ಬಟ್ಟೆ ಒಂದು ದಿನ ತಡವಾದರೂ ಟೈಲರ್ ಹೆಸರು ಹೋಗುತ್ತದೆ. ಅವರ ಹೆಸರನ್ನು ನೀವು ಉಳಿಸಿದಿರಿ. ಅದನ್ನು ಅವರು ಮರೆತಿಲ್ಲ. ಮರೆತಿದ್ದರೆ ಮಾರನೇ ದಿನವೇ ನಿಮ್ಮ ಪ್ಯಾಂಟಿನ ಬಗ್ಗೆ ಏನಾದರೂ ಅಂದಿರುತ್ತಿದ್ದರು. ಮರೆಯಲಾಗದ್ದಕ್ಕೇ ಬಾಯಿ ಕಟ್ಟಿದೆ.

ನಮ್ಮ ಮದುವೆಗಳಲ್ಲಿ ಹಿರಿಯ ಹೆಂಗಸರು ಬೀಗರನ್ನು ಹಂಗಿಸಿ ಹಾಡು ಹೇಳುವುದನ್ನು ನೀವೂ ಕೇಳಿರುತ್ತೀರಿ. ಒಂದು ಕಡೆಯವರು ಒಂದು ಹಾಡಿದರೆ ಇನ್ನೊಂದು ಕಡೆಯವರು ಎರಡು ಹಾಡುತ್ತಾರೆ. ಎರಡೂ ಕಡೆ ತಿರುಗಿ ಹೇಳುವ ಬಾಯಿ ಇದ್ದಾಗಲೇ ಅದು ನಗು. ಒಂದು ಕಡೆಯವರು ಇನ್ನೊಂದು ಕಡೆಯ ಹಂಗಿನಲ್ಲಿದ್ದರೆ ಆ ಹಾಡು ಚುಚ್ಚುತ್ತದೆ. ನಿಮ್ಮ ಗಲ್ಲಿಯಲ್ಲಿ ಆಗಿರುವುದೂ ಇದೇ. ಇಷ್ಟು ವರ್ಷ ಓಡಾಡಿದ ಸೂಜಿ, ಬಾಬಿನ್ ಎಲ್ಲ ವಾಪಸ್ ಬರುತ್ತಿದ್ದವು. ಬೆಳಿಗ್ಗೆ ನಿಮ್ಮಿಂದ ಚಿಲ್ಲರೆ ತಗೊಂಡವರು ಸಂಜೆ ಕೊಡುತ್ತಿದ್ದರು. ಲೆಕ್ಕ ಚುಕ್ತಾ ಆಗುತ್ತಿತ್ತು, ಹಾಗಾಗಿ ಬಾಯಿಗೆ ತಡೆ ಇರಲಿಲ್ಲ. ಈ ಸಲದ ಲೆಕ್ಕವನ್ನು ಚುಕ್ತಾ ಮಾಡಲು ಅವರು ಬಂದರು, ನೀವು ಬೇಡ ಅಂದಿರಿ. ಪ್ರೀತಿಯಿಂದಲೇ ಅಂದಿರಿ. ಆದರೆ ಅವರು ದೊಡ್ಡವರು, ಅದೇ ಕಸುಬಿನವರು. ನಿಮ್ಮಿಂದ ಪುಕ್ಕಟೆ ದುಡಿಸಿಕೊಂಡು, ನಿಮ್ಮ ಕಾಲರ್ ಸರಿಯಿಲ್ಲ ಅಂತ ಹೇಗೆ ಹೇಳುವುದು?

ಹಾಗಾಗಿ ದುಡ್ಡು ತಗೊಳ್ಳಿ. ನಾನು ಇದನ್ನು ಯೋಚಿಸಿಯೇ ಹೇಳುತ್ತಿದ್ದೇನೆ. ಎಷ್ಟು ಅನ್ನುವುದೂ ಮುಖ್ಯ. ಗಿರಾಕಿ ಕೊಟ್ಟ ಪೂರ್ತಿ ಮಜೂರಿ ತಗೊಳ್ಳಬೇಡಿ, ಅದರಲ್ಲಿ ಅಂಗಡಿಯ ಬಾಡಿಗೆ ಇದೆ, ಅವರು ಅಳತೆ ತಗೊಂಡದ್ದಿದೆ, ಗಿರಾಕಿಯನ್ನು ಸಂಪಾದಿಸಿದ್ದಿದೆ. ಪೀಸ್ ರೇಟಿನ ಮೇಲೆ ಕೆಲಸ ಮಾಡುವ ಒಬ್ಬ ಕಾರಿಗರನಿಗೆ ಅವರು ಏನು ಕೊಡುತ್ತಿದ್ದರೋ ಅಷ್ಟೇ ಸರಿ. ಶರ್ಟಿಗೆ ಗಿರಾಕಿಯಿಂದ 400 ರೂಪಾಯಿ, ಹೊಲಿಯುವವನಿಗೆ 150 ಅಂದುಕೊಳ್ಳಿ. ಅವರೇ ಕಟಿಂಗ್ ಮಾಡಿಟ್ಟ ನಾಲ್ಕು ಶರ್ಟಿಗೆ 150ರಂತೆ 600. ಉಳಿದ ನಾಲ್ಕಕ್ಕೆ ಕಟಿಂಗ್ ನಿಮ್ಮದು, ಅದಕ್ಕೆ ನಿಮ್ಮ ಪೇಟೆಯಲ್ಲಿ ಏನು ನಡೆಯುತ್ತದೋ ಅದನ್ನು ಸೇರಿಸಿ. ಪ್ಯಾಂಟಿಗೂ ಹಾಗೇ. ದಾರ, ಗುಂಡಿ, ಜಿಪ್, ಕ್ಯಾನ್ವಾಸ್ ನಿಮ್ಮ ಅಂಗಡಿಯದು ಹೋಗಿದ್ದರೆ ಅದನ್ನೂ ಬರೆಯಿರಿ. ಕಾಜಾ ಹೊರಗೆ ಹಾಕಿಸಿದ್ದರೆ ಅದನ್ನೂ. ಒಂದು ಬಿಲ್ಲಿನ ಹಾಳೆಯಲ್ಲಿ ಬರೆದು ಕೊಡಿ. ರಾತ್ರಿ ನಿದ್ದೆಗೆಟ್ಟದ್ದನ್ನು ಮಾತ್ರ ಎಲ್ಲೂ ಬರೆಯಬೇಡಿ. ಅದು ನಿಮ್ಮ ಕೊಡುಗೆ, ಅದಕ್ಕೆ ಅವರೂ ಬೆಲೆ ಕಟ್ಟಲು ಬರುವುದಿಲ್ಲ. ಅವರು ಜಾಸ್ತಿ ಕೊಡಲು ಬಂದರೆ ಬಿಲ್ಲಿನಷ್ಟೇ ತಗೊಳ್ಳಿ.

ಆದರೆ ದುಡ್ಡಿಗಿಂತ ಮೊದಲು ಆ ಪುಸ್ತಕ ವಾಪಸ್ ಹೋಗಬೇಕು. ಟೈಲರ್ ಮನೆಯಲ್ಲೇ ಬೆಳೆದವಳು ನಾನು. ಮಷಿನ್ ಕೊಟ್ಟಾರು, ಕತ್ತರಿಯನ್ನೂ ಕೊಟ್ಟಾರು, ಅಳತೆ ಪುಸ್ತಕ ಕೊಡುವವರನ್ನು ನಾನು ಕಂಡಿಲ್ಲ. ಅವರ ಗಿರಾಕಿ ಯಾರು, ಯಾರ ಹೊಟ್ಟೆ ಎಷ್ಟು ಬೆಳೆದಿದೆ, ಯಾರ ಒಂದು ಭುಜ ಇಳಿದಿದೆ, ಎಲ್ಲ ಅದರಲ್ಲಿದೆ. ಅವರು ಎಷ್ಟು ಲೂಸ್ ಇಡುತ್ತಾರೆ ಅನ್ನುವುದೂ ಇದೆ. ಅದು ನಿಮ್ಮ ಡ್ರಾಯರಿನಲ್ಲಿ ಇದ್ದಷ್ಟು ದಿನ ಅವರು ನಿಮ್ಮೆದುರು ತಲೆ ಎತ್ತಿ ಮಾತಾಡುವುದು ಕಷ್ಟ. ‘ಪುಸ್ತಕ ಕೊಡು’ ಅಂತ ಕೇಳಿದರೆ ನಿಮ್ಮ ಮೇಲೆ ನಂಬಿಕೆ ಇಲ್ಲ ಅಂತಾಗುತ್ತದೆ ಎಂದು ಅವರು ಕೇಳುತ್ತಿಲ್ಲ. ನೀವಾಗಿಯೇ ಕೊಡಬೇಕು.

ಹಾಗಂತ ಹುಡುಗನ ಕೈಲಿ ಕಳಿಸಿ ಕೈ ತೊಳೆದುಕೊಳ್ಳಬೇಡಿ. ನೀವು ಬರೆದ ಹೊಸ ಅಳತೆಗಳಿಂದ ಅಪಾಯ ಇದೆ. ನೀವು ಗಿರಾಕಿಯ ಎದೆ ಅಳೆದು 38 ಅಂತ ಬರೆದಿರುತ್ತೀರಿ. ಹೊಲಿಯುವಾಗ ನೀವಾದರೆ ಐದು ಇಂಚು ಲೂಸ್ ಸೇರಿಸಿ 43ಕ್ಕೆ ಕತ್ತರಿಸುತ್ತೀರಿ. ಮಾಸ್ಟರ್ ಅದನ್ನೇ ನೋಡಿದರೆ ಲೂಸ್ ಸೇರಿದ ಅಳತೆ ಅಂತಲೇ ಓದುತ್ತಾರೆ, 38ಕ್ಕೇ ಕತ್ತರಿಸುತ್ತಾರೆ. ಆ ಶರ್ಟಿನ ಗುಂಡಿ ಹಾಕಿದರೆ ಗುಂಡಿಗಳ ನಡುವೆ ಬಾಯಿ ಬಿಡುತ್ತದೆ, ಕೈ ಎತ್ತಿದರೆ ಬೆನ್ನು ಹಿಡಿಯುತ್ತದೆ. ಮಾರ್ಜಿನ್ ಬಿಚ್ಚಿದರೂ ಅಷ್ಟು ಸಿಗುವುದಿಲ್ಲ, ಬಟ್ಟೆ ಹೋದ ಹಾಗೆಯೇ. ಕೈ ಮುರಿದು ಎದ್ದ ಮನುಷ್ಯನ ಮೊದಲ ಶರ್ಟು ಹೀಗೆ ಕೆಟ್ಟರೆ ಊರು ಕೈಯನ್ನೇ ದೂರುತ್ತದೆ.

ಅದಕ್ಕೆ ಮಧ್ಯಾಹ್ನ ಗಿರಾಕಿ ಕಡಿಮೆ ಇರುವ ಹೊತ್ತಿನಲ್ಲಿ ಪುಸ್ತಕ ತಗೊಂಡು ಹೋಗಿ ಅವರ ಎದುರು ಕೂತುಕೊಳ್ಳಿ. ನೀವು ಬರೆದ ಪುಟಗಳನ್ನು ತೋರಿಸಿ, ಪ್ರತಿಯೊಂದರ ಪಕ್ಕದಲ್ಲಿ ‘ಮೈ’ ಅಂತ ಬೇರೆ ಬಣ್ಣದ ಪೆನ್ನಿನಲ್ಲಿ ಗುರುತು ಹಾಕಿ. ಯಾವುದರಲ್ಲಾದರೂ ಅನುಮಾನ ಬಂದರೆ ಎದೆಯ ಪಕ್ಕದಲ್ಲಿ ಕಾಲರ್ ನೋಡಿ. ರೆಡಿಮೇಡ್‌ನಲ್ಲೂ 38ರ ಶರ್ಟಿಗೆ ಕಾಲರ್ 15 ಇಂಚಿನ ಆಸುಪಾಸು ಇರುತ್ತದೆ. ಎದೆ 43, ಕಾಲರ್ 15 ಅಂತಿದ್ದರೆ ಅದು ಲೂಸ್ ಸೇರಿದ್ದು, ಮಾಸ್ಟರ್ ಬರೆದದ್ದು. ಕತ್ತು ಸಣ್ಣ, ಹೊಟ್ಟೆ ದೊಡ್ಡದು ಅನ್ನುವ ಗಿರಾಕಿಗಳೂ ಇರುತ್ತಾರೆ ಬಿಡಿ. ಅಂಥವರ ಹಳೆಯ ಶರ್ಟು ತರಿಸಿ, ಗುಂಡಿ ಹಾಕಿ ಮೇಜಿನ ಮೇಲೆ ಹಾಸಿ, ಕಂಕುಳಿಂದ ಕಂಕುಳಿಗೆ ಟೇಪು ಹಿಡಿದರೆ ಗೊತ್ತಾಗುತ್ತದೆ. ಇಪ್ಪತ್ತೊಂದೂವರೆ ಬಂದರೆ ಪೂರ್ತಿ ಸುತ್ತು 43, ಪುಸ್ತಕದಲ್ಲೂ 43 ಅಂತಿದ್ದರೆ ಅದು ಲೂಸ್ ಸೇರಿದ ಅಳತೆ. ಈ ಕೆಲಸ ಒಂದು ಗಂಟೆ ಹಿಡಿಯುತ್ತದೆ. ಆ ಒಂದು ಗಂಟೆಯಲ್ಲಿ ಮಾಸ್ಟರ್ ‘ಮೈ ಅಳತೆ ಬರೆಯೋಕೆ ನೀನೇನು ಡಾಕ್ಟ್ರಾ?’ ಅನ್ನದೇ ಇರಲಾರರು. ಅಂದರೆ ಬಿಡಬೇಡಿ, ತಿರುಗಿಸಿ ಹೇಳಿ. ಅವರು ಮಾತಾಡಬೇಕೆಂದು ನೀವು ಸೋಲುವುದು ಬೇಡ, ಅದೂ ಅವರಿಗೆ ಗೊತ್ತಾಗುತ್ತದೆ.

ಯಾವುದನ್ನು ರೇಗಿಸಬಾರದು ಅನ್ನುವುದನ್ನೂ ಹೇಳುತ್ತೇನೆ. ಮುರಿದ ಕೈ, ನೀವು ಹೊಲಿದು ಕೊಟ್ಟ ಬಟ್ಟೆ, ಹೋದ ಗಿರಾಕಿ, ಈ ಮೂರರ ಸುದ್ದಿಗೆ ಸದ್ಯಕ್ಕೆ ಹೋಗಬೇಡಿ. ಗಿರಾಕಿ ಅವರ ಅಂಗಡಿಯಲ್ಲಿ ಟ್ರಯಲ್ ನೋಡುತ್ತಿರುವಾಗ ಈಚೆಯಿಂದ ಒಂದು ಮಾತೂ ಬೇಡ. ಮೊದಲಾದರೆ ಅದು ತಮಾಷೆ. ಈಗ ಆ ಗಿರಾಕಿಯೂ ಅವರ ಕೈಯನ್ನೇ ನೋಡುತ್ತಿರುತ್ತಾನೆ.

ಗಿರಾಕಿಗಳ ವಿಷಯ. ಯಾರ ಅಳತೆ ಮಾಸ್ಟರ್ ಪುಸ್ತಕದಲ್ಲಿ ಇದೆಯೋ ಅವರು ಬಟ್ಟೆ ತಂದರೆ, ‘ನಿಮ್ಮ ಅಳತೆ ಅಲ್ಲೇ ಇದೆ, ಮಾಸ್ಟರ್ ಅಂಗಡಿ ತೆರೆದಿದ್ದಾರೆ’ ಅಂತ ಹೇಳಿ ಕಳಿಸಿ. ಕೆಲವರು ಹೋಗುತ್ತಾರೆ. ಕೆಲವರು ‘ಇಲ್ಲ, ನೀವೇ ಹೊಲೀರಿ’ ಅನ್ನುತ್ತಾರೆ. ಅಂಥವರನ್ನು ಎಷ್ಟು ಸಲ ವಾಪಸ್ ಕಳಿಸುತ್ತೀರಿ? ಬಟ್ಟೆ ಅವರದು, ದುಡ್ಡು ಅವರದು. ನೀವು ಕಳಿಸಿದರೆ ಮೂರನೇ ಅಂಗಡಿಗೆ ಹೋಗುತ್ತಾರೆ, ಇಬ್ಬರಿಗೂ ಇಲ್ಲ. ತಗೊಳ್ಳಿ, ಆದರೆ ಅಳತೆ ಹೊಸದಾಗಿ ತಗೊಂಡು ನಿಮ್ಮ ಪುಸ್ತಕದಲ್ಲಿ ಬರೆಯಿರಿ, ಅವರ ಪುಸ್ತಕದಿಂದ ನೆನಪಿಟ್ಟುಕೊಂಡ ಒಂದು ಸಂಖ್ಯೆಯೂ ಬೇಡ. ಆಮೇಲೆ ಅದೇ ದಿನ ನೀವೇ ಹೋಗಿ ಮಾಸ್ಟರ್‌ಗೆ ತಿಳಿಸಿ. ನಿಮ್ಮ ಗಲ್ಲಿಯ ಅಗಲ ನೋಡಿದರೆ, ನಿಮ್ಮ ಹ್ಯಾಂಗರಿನಲ್ಲಿ ತೂಗುವ ಶರ್ಟು ಯಾರದು ಅಂತ ಅವರು ಮಷಿನ್ ಮೇಲೆ ಕೂತಲ್ಲೇ ಗುರುತು ಹಿಡಿಯುತ್ತಾರೆ. ನಿಮ್ಮ ಬಾಯಿಂದ ಕೇಳಿದರೆ ಸ್ವಲ್ಪ ಬೇಜಾರು. ಹ್ಯಾಂಗರಿನಿಂದ ತಿಳಿದರೆ ತುಂಬಾ ದಿನದ ಬೇಜಾರು.

ಇನ್ನು ಅವರ ಕೈ. ಮಣಿಕಟ್ಟಿಗೆ ಸಾಮಾನ್ಯವಾಗಿ ಆರು ವಾರ ಪ್ಲಾಸ್ಟರ್ ಇರುತ್ತದೆ. ಬಿಚ್ಚಿದ ಮೇಲೂ ಹಿಡಿತ ಮೊದಲಿನಂತೆ ಬರಲು ಕೆಲವು ತಿಂಗಳೇ ಬೇಕಾಗಬಹುದು. ಮಷಿನ್ ಓಡಿಸುವಾಗ ಕೈ ಬಟ್ಟೆಯನ್ನು ನಡೆಸಿದರೆ ಸಾಕು. ಕಷ್ಟ ಇರುವುದು ಕತ್ತರಿಯಲ್ಲಿ. ಪ್ಯಾಂಟಿನ ದಪ್ಪ ಬಟ್ಟೆ ಎರಡು ಪದರ ಹಾಸಿ, ದೊಡ್ಡ ಕತ್ತರಿ ಹಿಡಿದು ಒಂದೇ ಸಮ ಕತ್ತರಿಸಲು ಇಡೀ ಮಣಿಕಟ್ಟು ಗಟ್ಟಿ ಇರಬೇಕು. ಕತ್ತರಿ ನಡುಗಿದರೆ ಅಂಚು ಮೆಟ್ಟಿಲು ಮೆಟ್ಟಿಲಾಗುತ್ತದೆ. ಅವರು ಅಳತೆ ತಗೊಂಡು ಚಾಕ್ ಗುರುತು ಹಾಕಲಿ, ನೀವು ಆ ಗೆರೆಯ ಮೇಲೆ ಕತ್ತರಿಸಿ ಕೊಡಿ, ಹೊಲಿಗೆ ಅವರೇ ಮಾಡಲಿ. ನಿಮ್ಮ ಗೆರೆ ಹಾಕಬೇಡಿ, ಸೊಂಟ ಸ್ವಲ್ಪ ಹೆಚ್ಚು ಅನಿಸಿದರೂ ಅವರ ಗೆರೆಯೇ ಇರಲಿ. ಇದಕ್ಕೆ ಪ್ರತಿಯಾಗಿ ನಿಮ್ಮ ಕೋಟು ಅವರ ಮುಂದೆ ಇಡಿ. ಕೋಟಿನಲ್ಲಿ ತೋಳು ಕೂರಿಸುವುದೇ ಕಷ್ಟದ ಕೆಲಸ ಅಲ್ವಾ? ತೋಳಿನ ಸುತ್ತು ಕಂಕುಳ ಸುತ್ತಿಗಿಂತ ಜಾಸ್ತಿ ಇರುತ್ತದೆ, ಆ ಜಾಸ್ತಿಯನ್ನು ಸುಕ್ಕು ಕಾಣದಂತೆ ಭುಜದ ಮೇಲ್ಭಾಗದಲ್ಲಿ ಅಡಗಿಸಬೇಕು. ಇದನ್ನು ನೋಡಿ ಹೇಳಲು ಕಣ್ಣು ಸಾಕು, ಕೈಗೆ ಜೋರು ಬೇಡ. ಟಾಕಾ ಹಾಕಿದ ಹಂತದಲ್ಲೇ ಒಯ್ದು ತೋರಿಸಿ, ಮಷಿನ್ ಹೊಲಿಗೆ ಬಿದ್ದ ಮೇಲೆ ಹೋದರೆ ಬಿಚ್ಚುವುದೇ ಕೆಲಸ. ಬಿಚ್ಚು ಅಂದರೆ ಬಿಚ್ಚಿ. ಬೈದರೆ ಬೈಸಿಕೊಳ್ಳಿ.

ಈ ನಡುವೆ ಅವರ ಬೆರಳುಗಳನ್ನು ಒಂದು ಸಲ ಗಮನಿಸಿ. ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿಯುತ್ತಿವೆ ಅಂದರೆ, ಸೂಜಿ ಹಿಡಿದದ್ದು ಗೊತ್ತಾಗುತ್ತಿಲ್ಲ ಅಂದರೆ, ‘ಎಲ್ಲಾ ಸರಿ ಹೋಗುತ್ತೆ’ ಅಂತ ಬಿಡಬೇಡಿ. ನರ ಒತ್ತಿರಬಹುದು, ಮೂಳೆ ಡಾಕ್ಟರ್ ಹತ್ತಿರ ಮತ್ತೆ ಹೋಗಲೇಬೇಕು. ಅಂಗಡಿ ಮುಚ್ಚಬೇಕಾಗುತ್ತೆ ಅಂತ ಅವರು ಮುಂದೂಡಿದರೆ, ಅವರು ಬರುವವರೆಗೆ ಗಿರಾಕಿ ಬಂದರೆ ನಾನು ನೋಡಿಕೊಳ್ತೀನಿ ಅಂತ ಹೇಳಿ ಕಳಿಸಿ. ಆ ಅರ್ಧ ದಿನಕ್ಕೆ ಬಿಲ್ ಹಾಕಬೇಡಿ, ಮುಂದೆ ನೀವು ಮದುವೆಗೋ ಜಾತ್ರೆಗೋ ಹೋದಾಗ ನಿಮ್ಮ ಅಂಗಡಿ ನೋಡಿಕೊಳ್ಳಲು ಅವರಿಗೇ ಹೇಳಿ ಹೋಗಿ.