ರೆಸ್ಯೂಮೆಯಲ್ಲಿ ಒಂದು ವರ್ಷ ಜಾಸ್ತಿ ಬಿದ್ದಿದೆ

*ಮೇಡಂ, ನಾನು ದಾವಣಗೆರೆಯವಳು, ಬಿ.ಕಾಂ. ಓದಿದ್ದೇನೆ. ಇಲ್ಲಿನ ಅಕ್ಕಿ ಗಿರಣಿಯೊಂದರ ಆಫೀಸಿನಲ್ಲಿ 2022ರ ಜೂನ್‌ನಿಂದ 2024ರ ಆಗಸ್ಟ್‌ವರೆಗೆ ಲೆಕ್ಕ ನೋಡಿಕೊಳ್ಳುತ್ತಿದ್ದೆ. ಅಮ್ಮನ ಆರೋಗ್ಯ ಕೆಟ್ಟಿದ್ದರಿಂದ ಬಿಟ್ಟೆ. ಮೂರು ದಿನದ ಹಿಂದೆ ಬೆಂಗಳೂರಿನ ಕಂಪನಿಯೊಂದಕ್ಕೆ ರೆಸ್ಯೂಮೆ ಮೇಲ್ ಮಾಡಿದೆ. ನಿನ್ನೆ ನೋಡಿದರೆ, ಸೇರಿದ ವರ್ಷ 2021 ಅಂತ ಬಿದ್ದಿದೆ. ಅವರು ಕೇಳಿರುವುದು ಮೂರು ವರ್ಷದ ಅನುಭವ. ಅಣ್ಣ "ಸುಮ್ನಿರು, ಯಾರು ನೋಡ್ತಾರೆ" ಅಂತಾನೆ. ಏನು ಮಾಡಲಿ?*

ಈ ವಿಷಯದಲ್ಲಿ ಅಣ್ಣನ ಮಾತು ಕೇಳಬೇಡಿ. ಇವತ್ತೇ ಸರಿಪಡಿಸಿ ಕಳಿಸಿ.

ಊರಿನ ಹೆಸರಿನಲ್ಲಿ ಒಂದಕ್ಷರ ತಪ್ಪಿದ್ದರೆ ನಾನೂ ಬಿಟ್ಟುಬಿಡಿ ಎನ್ನುತ್ತಿದ್ದೆ. ಅಂಥದ್ದಕ್ಕೆಲ್ಲ ಮತ್ತೆ ಮೇಲ್ ಮಾಡಬೇಕಾಗಿಲ್ಲ. ನಿಮ್ಮ ತಪ್ಪು ಹಾಗಲ್ಲ. ಅದು ನಿಮಗೇ ಲಾಭ ಮಾಡುವ ತಪ್ಪು. ಎರಡು ವರ್ಷ ಮೂರು ತಿಂಗಳಿನ ಅನುಭವ ಮೂರು ವರ್ಷ ದಾಟಿಬಿಟ್ಟಿದೆ. ನಾಳೆ ಅವರೇ ಕಂಡುಹಿಡಿದರೆ, ಬೆರಳು ತಪ್ಪಿ ಬಿದ್ದದ್ದು ಎಂದು ನೀವು ಎಷ್ಟು ಹೇಳಿದರೂ ನಂಬುವುದು ಕಷ್ಟ.

ಕಂಡುಹಿಡಿಯುವುದೇನೂ ದೊಡ್ಡ ಕೆಲಸವಲ್ಲ. ರಿಲೀವಿಂಗ್ ಲೆಟರ್‌ನಲ್ಲಿ ಸೇರಿದ ದಿನ, ಬಿಟ್ಟ ದಿನ ಎರಡೂ ಇರುತ್ತವೆ. ಗಿರಣಿಯಲ್ಲಿ ಪಿಎಫ್ ಹಿಡಿಯುತ್ತಿದ್ದರೆ ಪಿಎಫ್ ಖಾತೆಯಲ್ಲೂ ಅದೇ ದಿನಾಂಕಗಳಿರುತ್ತವೆ. ನಾನು ಮೊದಲು ಕೆಲಸಕ್ಕಿದ್ದ ಕಚೇರಿಯಲ್ಲಿ ಒಬ್ಬ ಹುಡುಗನಿಗೆ ಆಫರ್ ಕೊಟ್ಟಾದ ಮೇಲೆ ಇಂಥದ್ದೇ ವ್ಯತ್ಯಾಸ ಸಿಕ್ಕಿತು. ರೆಸ್ಯೂಮೆಯನ್ನೂ ರಿಲೀವಿಂಗ್ ಲೆಟರನ್ನೂ ಪಕ್ಕ ಪಕ್ಕ ಇಟ್ಟು, ಎರಡರಲ್ಲೂ ವರ್ಷದ ಸುತ್ತ ಕೆಂಪು ಪೆನ್ನಿನಲ್ಲಿ ಗುಂಡಗೆ ಗೀಟು ಹಾಕಿದ್ದರು. ಹುಡುಗ ಕೆಲಸ ಬಲ್ಲವನೇ. ಆದರೂ ಆಫರ್ ವಾಪಸಾಯಿತು. ಆ ಎರಡು ಹಾಳೆ ನನಗೆ ಇನ್ನೂ ನೆನಪಿದೆ.

ಮೊದಲು ನಿಮ್ಮ ಕಾಗದಗಳಲ್ಲಿ ದಿನಾಂಕ ನೋಡಿಕೊಳ್ಳಿ. ಪಿಎಫ್ ಇದ್ದರೆ ಇಪಿಎಫ್‌ಒ ಮೆಂಬರ್ ಪೋರ್ಟಲ್‌ಗೆ ಹೋಗಿ `View` ಅಡಿಯಲ್ಲಿ `Service History` ತೆರೆಯಿರಿ. ನೆನಪಿನ ಮೇಲೆ ತಿದ್ದಲು ಹೋದರೆ ಇನ್ನೊಂದು ತಪ್ಪಾಗುತ್ತದೆ. ಮೂರನೇ ಸಲ ಮೇಲ್ ಮಾಡುವ ಹಾಗೆ ಆಗಬಾರದು, ಅಲ್ವಾ?

ಆಮೇಲೆ ಆ ಒಂದು ತಪ್ಪು ಎಲ್ಲೆಲ್ಲಿ ಮರಿ ಹಾಕಿದೆ ಅಂತ ಹುಡುಕಿ. ರೆಸ್ಯೂಮೆಯ ಮೇಲ್ಗಡೆ "ಮೂರು ವರ್ಷಕ್ಕೂ ಹೆಚ್ಚು ಅನುಭವ" ಎಂಬ ಸಾಲು ಇದೆಯಾ? ಮೊದಲು ಕಳಿಸಿದ ಮೇಲ್‌ನಲ್ಲಿ ಅದನ್ನೇ ಬರೆದಿದ್ದೀರಾ? ನೌಕ್ರಿಯಲ್ಲಿ ಪ್ರೊಫೈಲ್ ಇದ್ದರೆ ಒಟ್ಟು ಅನುಭವ ಎಷ್ಟು ಅಂತ ತುಂಬಿದ್ದೀರಿ? ಒಂದು ಕಡೆ ತಿದ್ದಿ ಇನ್ನೊಂದು ಕಡೆ ಬಿಟ್ಟರೆ ಗೊಂದಲ ಜಾಸ್ತಿಯಾಗುತ್ತದೆ.

ಹೊಸ ಮೇಲ್ ಶುರು ಮಾಡಬೇಡಿ. ಮೊದಲು ಕಳಿಸಿದ ಮೇಲ್‌ಗೇ ಉತ್ತರವಾಗಿ ಬರೆಯಿರಿ, ಆಗ ಎರಡೂ ಒಂದೇ ಕಡೆ ಇರುತ್ತವೆ. ಆದರೆ ಕಳಿಸುವ ವಿಳಾಸ ಕಂಪನಿಯದೇ ಇದೆಯಾ ಎಂದು ಒಮ್ಮೆ ನೋಡಿಕೊಳ್ಳಿ. ಇಂಗ್ಲಿಷಿನಲ್ಲಿ ಬರೆಯುವುದಾದರೂ ವಿಷಯ ಇಷ್ಟೇ ಇರಲಿ:

"ನಾನು ಮೂರು ದಿನದ ಹಿಂದೆ ಕಳಿಸಿದ ರೆಸ್ಯೂಮೆಯಲ್ಲಿ ಕೆಲಸಕ್ಕೆ ಸೇರಿದ ದಿನಾಂಕ ತಪ್ಪಾಗಿದೆ. ಜೂನ್ 2021 ಎಂದಿರುವುದು ಜೂನ್ 2022 ಆಗಬೇಕು. ಹೀಗಾಗಿ ನನ್ನ ಒಟ್ಟು ಅನುಭವ 2 ವರ್ಷ 3 ತಿಂಗಳು. ಸರಿಪಡಿಸಿದ ಪ್ರತಿ ಲಗತ್ತಿಸಿದ್ದೇನೆ, ದಯವಿಟ್ಟು ಇದನ್ನೇ ಪರಿಗಣಿಸಿ. ತೊಂದರೆಗೆ ಕ್ಷಮಿಸಿ."

ಮೂರನೆಯ ವಾಕ್ಯ ಬಿಡಲು ಮನಸ್ಸಾಗುತ್ತದೆ, ಬಿಡಬೇಡಿ. "ದಿನಾಂಕ ತಿದ್ದಿದ್ದೇನೆ" ಎಂದಷ್ಟೇ ಬರೆದು ಅನುಭವ ಕಡಿಮೆಯಾದದ್ದನ್ನು ಅವರೇ ಲೆಕ್ಕ ಹಾಕಿಕೊಳ್ಳಲಿ ಅಂತ ಬಿಟ್ಟರೆ ಮುಚ್ಚಿಟ್ಟ ಹಾಗೆ ಕಾಣುತ್ತದೆ. ಹಳೇ ಫೈಲಿನಿಂದ ಕಾಪಿ ಮಾಡಿದೆ, ಮನೆಯಲ್ಲಿ ಅಮ್ಮನಿಗೆ ಹುಷಾರಿರಲಿಲ್ಲ ಎಂಬ ಕಾರಣಗಳು ಬೇಡ. ಅವರು ಕೇಳಿದರೆ ಹೇಳಿ.

ಫೈಲಿಗೆ ನಿಮ್ಮ ಹೆಸರಿನ ಜೊತೆ `Corrected` ಅಂತ ಸೇರಿಸಿ, ಪಿಡಿಎಫ್ ಮಾಡಿ. ಅವಸರದಲ್ಲಿ ಹಳೇ ಫೈಲನ್ನೇ ಮತ್ತೆ ಲಗತ್ತಿಸುವವರು ತುಂಬಾ ಜನ. ಮೊದಲು ನಿಮಗೇ ಒಂದು ಮೇಲ್ ಕಳಿಸಿಕೊಂಡು, ಮೊಬೈಲಿನಲ್ಲಿ ತೆರೆದು ಆ ವರ್ಷ ಓದಿ. ಜಿಮೇಲ್‌ನಲ್ಲಿ ಕಳಿಸಿದ್ದನ್ನು ವಾಪಸ್ ತೆಗೆದುಕೊಳ್ಳಲು ಸಿಗುವುದು ಹೆಚ್ಚೆಂದರೆ 30 ಸೆಕೆಂಡು.

ಅವರು ನಿಮ್ಮನ್ನು ಬಿಟ್ಟೂಬಿಡಬಹುದು. ಮೂರು ವರ್ಷ ಕಡ್ಡಾಯವಾಗಿದ್ದರೆ ಖಂಡಿತ ಬಿಡುತ್ತಾರೆ. ಆದರೆ ಎಷ್ಟೋ ಕಡೆ ಆ ಅಂಕಿ ಅಂದಾಜಿನದು. ಟ್ಯಾಲಿ, ಜಿಎಸ್‌ಟಿ ರಿಟರ್ನ್ಸ್ ಗೊತ್ತಿದ್ದರೆ ಎರಡು ಚಿಲ್ಲರೆ ವರ್ಷದವರನ್ನೂ ಕರೆಯುತ್ತಾರೆ.

ಕರೆ ಬಂದರೆ ಹೊಸ ರೆಸ್ಯೂಮೆಯ ಎರಡು ಪ್ರತಿ ಒಯ್ಯಿರಿ. ಮೇಲ್ ಓದಿದವರು ಒಬ್ಬರು, ಸಂದರ್ಶನ ಮಾಡುವವರು ಇನ್ನೊಬ್ಬರು. ಅವರ ಮುಂದೆ ಹಳೇ ಪ್ರಿಂಟೇ ಇರಬಹುದು. ಕೂತ ತಕ್ಷಣ "ಸರ್, ಸೇರಿದ ದಿನಾಂಕ ತಿದ್ದಿ ಇನ್ನೊಂದು ಪ್ರತಿ ಕಳಿಸಿದ್ದೆ, ಇದು ಅದು" ಎಂದು ಕೈಗೆ ಕೊಡಿ.